ದಿನಾ ಸ್ಟ್ರೆಚ್ ಮಾಡಿದರೂ ಬಿಡದ ಬಿಗಿ: ಕುಂಬಳೆಯ ಓಟಗಾರನೊಬ್ಬನ ಪ್ರಕರಣ

ಕೂತು ಕೆಲಸ ಮಾಡುವ ಓಟಗಾರರಲ್ಲಿ ಪದೇ ಪದೇ ಕಾಣುವ ತೊಂದರೆಯನ್ನು ಒಬ್ಬನ ಮೇಲೆ ಕೂಡಿಸಿ ಬರೆದ ಪ್ರಕರಣ ಇದು. ಅಳತೆಗಳೆಲ್ಲ ಇಂಥವರಲ್ಲಿ ಸಾಮಾನ್ಯವಾಗಿ ಸಿಗುವಂಥವೇ. ಆದರೆ ವ್ಯಕ್ತಿ ಇಂಥವನೇ ಎಂದು ಯಾರೂ ಹುಡುಕಬೇಕಾಗಿಲ್ಲ.

ವಯಸ್ಸು 39. ಮನೆ ಕುಂಬಳೆ, ಕೆಲಸ ಕಾಸರಗೋಡು ಪೇಟೆಯ ಒಂದು ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ. ಕುರ್ಚಿಯಲ್ಲಿ ದಿನಕ್ಕೆ ಏಳೂವರೆ ಗಂಟೆ, ಬಸ್ಸಿನಲ್ಲಿ ಹೋಗಿ ಬರುವಾಗ ಇನ್ನೊಂದು ಗಂಟೆ. ಮೂರು ವರ್ಷದಿಂದ ಓಡುತ್ತಿದ್ದಾನೆ. ವಾರಕ್ಕೆ ನಾಲ್ಕು ದಿನ, ಒಟ್ಟು 32 ಕಿ.ಮೀ. ಮಂಗಳವಾರ, ಗುರುವಾರ ಬ್ಯಾಂಕಿನಿಂದ ಬಂದ ಕೂಡಲೇ ಬಟ್ಟೆ ಬದಲಿಸಿ ಆರಾರು ಕಿ.ಮೀ., ಶನಿವಾರ ಐದು, ಭಾನುವಾರ ಬೆಳಿಗ್ಗೆ ಸೀತಾಂಗೋಳಿ ಕಡೆಯ ಏರಿನಲ್ಲಿ ಹದಿನೈದು. ಗುರಿ ಹಾಫ್ ಮ್ಯಾರಥಾನ್.

ದೂರು ಹೀಗಿತ್ತು: ಆರೇಳು ಕಿ.ಮೀ. ಆಗುವಷ್ಟರಲ್ಲಿ ಬಲ ತೊಡೆಸಂದಿನ ಮುಂಭಾಗ ಹಗ್ಗ ಎಳೆದ ಹಾಗೆ ಆಗುತ್ತದೆ, ಆಮೇಲೆ ಸೊಂಟದ ಕೆಳಗೆ ಹಿಡಿದುಕೊಳ್ಳುತ್ತದೆ. ಸಂಜೆಯ ಓಟದಲ್ಲಿ ಬೇಗ, ಬೆಳಗಿನ ಓಟದಲ್ಲಿ ತಡವಾಗಿ. ಅವನ ಮಾತಿನಲ್ಲೇ ಹೇಳುವುದಾದರೆ, "ಡಾಕ್ಟ್ರೇ, ಏಳು ತಿಂಗಳಿಂದ ದಿನಾ ಹಿಪ್ ಫ್ಲೆಕ್ಸರ್ ಸ್ಟ್ರೆಚ್ ಮಾಡ್ತಾ ಇದ್ದೇನೆ. ಮಾಡಿದ ಅರ್ಧ ಗಂಟೆ ಹಗುರ ಉಂಟು, ಮತ್ತೆ ಅದೇ." ಈ ಕೊನೆಯ ವಾಕ್ಯವೇ ಪ್ರಕರಣದ ಕೀಲಿ. ಏಳು ತಿಂಗಳು ಎಳೆದರೂ ಸ್ನಾಯು ಬಿಡುವುದಿಲ್ಲ ಎಂದರೆ ಎರಡರಲ್ಲಿ ಒಂದು: ಎಳೆಯಬೇಕಾದ ಸ್ನಾಯುವನ್ನು ಎಳೆಯುತ್ತಿಲ್ಲ, ಅಥವಾ ಬಿಗಿ ಅನ್ನಿಸುತ್ತಿರುವುದಕ್ಕೆ ಕಾರಣ ಉದ್ದದ ಕೊರತೆಯಲ್ಲ. ಇವನಲ್ಲಿ ಎರಡೂ ಇದ್ದವು.

ಮೊದಲು ಹೊರಗಿಡಬೇಕಾದದ್ದು

ಓಟಗಾರನ ತೊಡೆಸಂದು ನೋವನ್ನು 'ಬಿಗಿ' ಎಂದು ಬರೆದುಕೊಳ್ಳುವ ಮೊದಲು ತೊಡೆಮೂಳೆಯ ಕತ್ತಿನಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ ಇಲ್ಲ ಎಂದು ಖಚಿತ ಮಾಡಿಕೊಳ್ಳಲೇಬೇಕು. ಅದೂ ಇದೇ ಜಾಗದಲ್ಲಿ ನೋಯುತ್ತದೆ. ಅದರ ಗುರುತುಗಳು ಬೇರೆ: ಓಡಿದಷ್ಟೂ ನೋವು ಏರುತ್ತಾ ಹೋಗುತ್ತದೆ, ನಿಲ್ಲಿಸಿದ ಮೇಲೂ ನಡೆಯುವಾಗ ಕಾಲು ಎಳೆಯುವಂತಾಗುತ್ತದೆ, ರಾತ್ರಿ ಎಚ್ಚರವಾಗಬಹುದು, ಒಂಟಿಕಾಲಿನಲ್ಲಿ ಕುಪ್ಪಳಿಸಿದರೆ ಆಳದಲ್ಲಿ ಚುಚ್ಚುತ್ತದೆ. ಓಟದ ದೂರವನ್ನು ಇತ್ತೀಚೆಗೆ ದಿಢೀರನೆ ಏರಿಸಿದ್ದರೆ ಅನುಮಾನ ಹೆಚ್ಚಬೇಕು. ಇಂಥ ಅನುಮಾನವಿದ್ದರೆ ಸ್ಟ್ರೆಚ್, ಕುಪ್ಪಳಿಸುವ ಪರೀಕ್ಷೆ ಎಲ್ಲ ಬಿಟ್ಟು ಓಟ ನಿಲ್ಲಿಸಿ ಮೂಳೆ ವೈದ್ಯರ ಬಳಿ ಹೋಗಬೇಕು. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು, ಎಂ.ಆರ್.ಐ. ಬೇಕಾಗುತ್ತದೆ. ಎಕ್ಸ್‌ರೇ ಚೆನ್ನಾಗಿದೆ ಎಂಬ ಧೈರ್ಯದ ಮೇಲೆ ಓಡಿ ಮೂಳೆ ಪೂರ್ತಿ ಮುರಿದುಕೊಳ್ಳುವುದುಂಟು.

ಇವನಿಗೆ ರಾತ್ರಿ ನೋವಿರಲಿಲ್ಲ. ನಡೆದರೆ ಏನೂ ಇಲ್ಲ. ಕೆಮ್ಮಿದಾಗ ತೊಡೆಸಂದಿನಲ್ಲಿ ಉಬ್ಬು ಬರುವುದಿಲ್ಲ, ಹಾಗಾಗಿ ಹರ್ನಿಯಾ ಕಡೆಗೆ ಬೆರಳು ತೋರಿಸುವಂಥದ್ದಿಲ್ಲ. ತೊಡೆಯ ಮುಂಭಾಗ ಜೋಮು ಹಿಡಿಯುವುದಿಲ್ಲ. ಮೊಣಕಾಲು ಮಡಚಿ ಎದೆಯ ಕಡೆಗೆ ತಂದು ಒಳಕ್ಕೆ ತಿರುಗಿಸಿದಾಗ ಕೀಲಿನಲ್ಲಿ ಚಿವುಟುವ ನೋವೂ ಇಲ್ಲ. ಕುಳಿತು ಎದ್ದಾಗ ಒಮ್ಮೊಮ್ಮೆ 'ಟಕ್' ಎಂಬ ಸದ್ದು ಮಾತ್ರ ಇತ್ತು. ಸ್ನಾಯುವಿನ ನುಲಿ ಮೂಳೆಯ ಏಣನ್ನು ದಾಟುವಾಗ ಬರುವ ಸದ್ದು ಅದು. ನೋವಿಲ್ಲದಿದ್ದರೆ ಅದಕ್ಕೆ ಚಿಕಿತ್ಸೆ ಬೇಡ.

ಯಾವ ಸ್ನಾಯು ಗಿಡ್ಡ?

ಹಿಪ್ ಫ್ಲೆಕ್ಸರ್ ಎಂಬುದು ಒಂದು ಸ್ನಾಯುವಿನ ಹೆಸರಲ್ಲ. ತೊಡೆಯನ್ನು ಮೇಲೆತ್ತುವ ಹಲವು ಸ್ನಾಯುಗಳ ಒಟ್ಟು ಹೆಸರು. ಅದರಲ್ಲಿ ಎರಡನ್ನು ಬೇರೆ ಮಾಡಿ ನೋಡಿದರೆ ಈ ಪ್ರಕರಣ ಅರ್ಥವಾಗುತ್ತದೆ. ಸೋವಾಸ್ ಸೊಂಟದ ಬೆನ್ನೆಲುಬುಗಳಿಂದ ಹೊರಟು ತೊಡೆಮೂಳೆಯ ಒಳಬದಿಗೆ ಅಂಟುತ್ತದೆ, ಕಾಲಿನ ಕೀಲುಗಳಲ್ಲಿ ದಾಟುವುದು ಸೊಂಟದ ಕೀಲನ್ನು ಮಾತ್ರ. ರೆಕ್ಟಸ್ ಫೆಮೊರಿಸ್ ಸೊಂಟದ ಎಲುಬಿನ ಮುಂಭಾಗದಿಂದ ಹೊರಟು ತೊಡೆಯುದ್ದಕ್ಕೂ ಇಳಿದು ಮೊಣಕಾಲು ಚಿಪ್ಪಿನ ಮೂಲಕ ಕಣಕಾಲಿನ ಮೂಳೆಗೆ ಸೇರುತ್ತದೆ, ಎಂದರೆ ಸೊಂಟ ಮತ್ತು ಮೊಣಕಾಲು ಎರಡನ್ನೂ ದಾಟುತ್ತದೆ. ಮೊಣಕಾಲು ಮಡಚದೆ ಇದನ್ನು ಪೂರ್ತಿ ಎಳೆಯಲಾಗದು.

ಬೇರೆ ಮಾಡಿ ನೋಡಲು ಥಾಮಸ್ ಪರೀಕ್ಷೆಯ ಮಾರ್ಪಡಿಸಿದ ರೂಪ ಸಾಕು. ಗಟ್ಟಿ ಮೇಜಿನ ಅಂಚಿನಲ್ಲಿ ಕೂತು, ಎರಡೂ ಮೊಣಕಾಲನ್ನು ಎದೆಗೆ ಅಪ್ಪಿಕೊಂಡು ಹಿಂದಕ್ಕೆ ಮಲಗಬೇಕು. ಒಂದನ್ನು ಅಪ್ಪಿಕೊಂಡೇ ಇದ್ದು ಇನ್ನೊಂದನ್ನು ಮೇಜಿನ ಅಂಚಿನಿಂದ ಜೋತುಬಿಡಬೇಕು. ಜೋತ ತೊಡೆ ಮೇಜಿನ ಮಟ್ಟಕ್ಕೆ ಅಡ್ಡವಾಗಿ ಬಂದರೆ, ಮೊಣಕಾಲು ತನ್ನಷ್ಟಕ್ಕೆ 80 ಡಿಗ್ರಿಯ ಆಸುಪಾಸಿನಲ್ಲಿ ಮಡಚಿದ್ದರೆ ಸರಿ. ಕೋನ ಅಳೆಯಲು ಮೊಬೈಲಿನ ಮಟ್ಟ ನೋಡುವ ಆ್ಯಪ್ ತೊಡೆಯ ಮೇಲಿಟ್ಟರೆ ಆಯಿತು. ನಾಲ್ಕೈದು ಡಿಗ್ರಿಯ ವ್ಯತ್ಯಾಸವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬಾರದು, ಅದು ಅಳತೆಯ ಕೈತಪ್ಪು.

ಈ ಪರೀಕ್ಷೆಯನ್ನು ಅವನು ಮನೆಯಲ್ಲಿ ಮಂಚದ ಮೇಲೆ ಮಾಡಿ, ತೊಡೆ ಸಲೀಸಾಗಿ ಕೆಳಗೆ ಬಂತು ಎಂದು ಬರೆದಿಟ್ಟುಕೊಂಡಿದ್ದ. ಹತ್ತಿ ಹಾಸಿಗೆ ಸೊಂಟದ ಅಡಿಯಲ್ಲಿ ತಗ್ಗಿತ್ತು, ಅಪ್ಪಿಕೊಂಡ ಕಾಲನ್ನು ಸಡಿಲ ಬಿಟ್ಟಿದ್ದ, ಸೊಂಟ ಬಿಲ್ಲಿನ ಹಾಗೆ ಮೇಲೆದ್ದಿತ್ತು. ಬೆನ್ನು ಬಾಗಿದಷ್ಟು ತೊಡೆ ಇಳಿಯುತ್ತದೆ, ಸ್ನಾಯುವಿನ ಗಿಡ್ಡತನ ಬೆನ್ನಿನ ಡೊಂಕಿನಲ್ಲಿ ಅಡಗಿಕೊಳ್ಳುತ್ತದೆ. ಸೊಂಟದ ಅಡಿಯಲ್ಲಿ ಅಂಗೈ ತೂರಿಸಲು ಜಾಗವಿದ್ದರೆ ಆ ಪರೀಕ್ಷೆಗೆ ಬೆಲೆಯಿಲ್ಲ.

ಗಟ್ಟಿ ಮೇಜಿನ ಮೇಲೆ, ಬೆನ್ನು ಚಪ್ಪಟೆಯಾಗಿಟ್ಟು ಮಾಡಿದಾಗ ಬಲ ತೊಡೆ 12 ಡಿಗ್ರಿ ಮೇಲೆಯೇ ನಿಂತಿತು, ಮೊಣಕಾಲು ಮಡಚಿದ್ದು 60 ಡಿಗ್ರಿ ಮಾತ್ರ. ಆಮೇಲೆ ಬಲ ಕಾಲಿನ ಮೊಣಕಾಲನ್ನು ಕೈಯಿಂದ ಹಿಡಿದು ನೇರ ಮಾಡಿದರೆ ತೊಡೆ ತಾನಾಗಿ ಇಳಿದು 3 ಡಿಗ್ರಿಗೆ ಬಂತು. ಮೊಣಕಾಲು ನೇರವಾದಾಗ ಸಡಿಲವಾಗುವುದು ರೆಕ್ಟಸ್ ಫೆಮೊರಿಸ್. ಆದ್ದರಿಂದ ಹಿಡಿದಿಟ್ಟಿದ್ದು ಅದೇ, ಸೋವಾಸ್‌ನ ಉದ್ದ ಹೆಚ್ಚು ಕಡಿಮೆ ಸರಿಯಿದೆ. ಎಡಗಡೆ ತೊಡೆ 2 ಡಿಗ್ರಿ, ಮೊಣಕಾಲು 76.

ಇನ್ನು ಅವನು ಏಳು ತಿಂಗಳು ಮಾಡಿದ ಸ್ಟ್ರೆಚ್ ನೋಡಿ. ಒಂದು ಕಾಲು ಮುಂದೆ, ಹಿಂದಿನ ಕಾಲು ಉದ್ದಕ್ಕೆ ಚಾಚಿ, ಮೊಣಕಾಲು ನೇರವಿಟ್ಟು, ಎದೆ ಉಬ್ಬಿಸಿ ಸೊಂಟವನ್ನು ಮುಂದಕ್ಕೆ ತಳ್ಳುವುದು. ಮೊಣಕಾಲು ನೇರವಿರುವುದರಿಂದ ರೆಕ್ಟಸ್‌ಗೆ ಹೆಚ್ಚೇನೂ ತಗಲುವುದಿಲ್ಲ. ಸೊಂಟ ಬಾಗುವುದರಿಂದ ಉಳಿದ ಎಳೆತವೂ ಬೆನ್ನಿನ ಕೀಲುಗಳಿಗೆ ಹೋಗುತ್ತದೆ. ಚಿತ್ರಕ್ಕೆ ಬಲು ಚಂದ ಕಾಣುವ ಭಂಗಿ, ಕೆಲಸಕ್ಕೆ ಮಾತ್ರ ಸೊನ್ನೆ.

ಗಿಡ್ಡದ್ದು ಒಂದು, ದಣಿಯುವುದು ಇನ್ನೊಂದು

ಸೋವಾಸ್ ಉದ್ದದಲ್ಲಿ ಸರಿಯಿದ್ದರೂ ಬಲದಲ್ಲಿ ಇರಲಿಲ್ಲ. ಇದನ್ನು ನೋಡುವುದು ಸುಲಭ. ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಒಂದು ಮೊಣಕಾಲನ್ನು ಕೈಯಿಂದ ಹಿಡಿದು ಸೊಂಟದ ಮಟ್ಟಕ್ಕಿಂತ ಒಂದು ಗೇಣು ಮೇಲೆ ಎತ್ತಿ, ಕೈ ಬಿಡಬೇಕು. ಆ ಎತ್ತರದಲ್ಲಿ ತೊಡೆಯ ಉಳಿದ ಸ್ನಾಯುಗಳಿಗೆ ಎಳೆಯಲು ಉದ್ದ ಉಳಿಯುವುದಿಲ್ಲ, ಹಿಡಿಯುವ ಭಾರ ಹೆಚ್ಚಾಗಿ ಸೋವಾಸ್‌ನ ಮೇಲೆ ಬೀಳುತ್ತದೆ. ಹದಿನೈದು ಸೆಕೆಂಡ್ ಹಿಡಿಯಲು ಬಂದರೆ ಚೆನ್ನಾಗಿದೆ ಎನ್ನಬಹುದು. ಇವನ ಬಲ ಕಾಲು ನಾಲ್ಕೇ ಸೆಕೆಂಡಿಗೆ ಇಳಿಯಿತು, ಇಳಿಯುವ ಮೊದಲು ಬೆನ್ನು ಹಿಂದಕ್ಕೆ ವಾಲಿತು, ತೊಡೆಯ ಹೊರಬದಿಯಲ್ಲಿ ಸೆಡೆತ ಬಂತು. ಎಡಕಾಲು ಹನ್ನೊಂದು ಸೆಕೆಂಡ್ ನಿಂತಿತು.

ಓಟದಲ್ಲಿ ಕಾಲು ದೇಹದ ಹಿಂದೆ ಹೋದಾಗ ಸೋವಾಸ್ ಉದ್ದವಾಗುತ್ತಲೇ ಬಿಗಿ ಹಿಡಿದು ಅದನ್ನು ತಡೆಯಬೇಕು, ಮರುಕ್ಷಣ ಮುಂದಕ್ಕೆ ಎಳೆದು ತರಬೇಕು. ನಿಮಿಷಕ್ಕೆ ಎಂಬತ್ತರ ಹತ್ತಿರ ಬಾರಿ. ಬಲವಿಲ್ಲದ ಸ್ನಾಯು ಆರೇಳು ಕಿ.ಮೀ. ಹೊತ್ತಿಗೆ ದಣಿದು ಬಿಗಿಯುತ್ತದೆ. ಓಟಗಾರನಿಗೆ ಅದು 'ಟೈಟ್' ಎಂದೇ ಅನ್ನಿಸುತ್ತದೆ, ಅವನು ಹೋಗಿ ಎಳೆಯುತ್ತಾನೆ. ದಣಿದದ್ದನ್ನು ಎಳೆದರೆ ಅರ್ಧ ಗಂಟೆ ಹಗುರ ಅನ್ನಿಸುವುದು ಸಹಜ, ಬಲ ಮಾತ್ರ ಬರುವುದಿಲ್ಲ.

ಪೃಷ್ಠದ ಸ್ನಾಯುವನ್ನೂ ನೋಡಲಾಯಿತು. ಅಂಗಾತ ಮಲಗಿ ಒಂದೇ ಕಾಲಿನ ಮೇಲೆ ಸೊಂಟ ಎತ್ತುವುದು ಎಡಕ್ಕೆ 14, ಬಲಕ್ಕೆ 8. ಬಲಗಡೆ ಎಂಟರ ಹೊತ್ತಿಗೆ ತೊಡೆಯ ಹಿಂಬದಿ ಸೆಡೆತುಕೊಂಡಿತು. ಪೃಷ್ಠ ಮಾಡಬೇಕಾದ ಕೆಲಸವನ್ನು ಹ್ಯಾಮ್‌ಸ್ಟ್ರಿಂಗ್ ಮಾಡುತ್ತಿದೆ ಎಂದರ್ಥ.

ಕೊನೆಗೆ ವಿಡಿಯೋ. ಮೊಬೈಲನ್ನು ಸೊಂಟದೆತ್ತರದಲ್ಲಿ ನಿಲ್ಲಿಸಿ ಪಕ್ಕದಿಂದ, ಸ್ಲೋಮೋಷನ್‌ನಲ್ಲಿ, ಎರಡು ಬಾರಿ ತೆಗೆಯಬೇಕು: ಹತ್ತನೇ ನಿಮಿಷದಲ್ಲಿ ಒಂದು, ಐವತ್ತನೇ ನಿಮಿಷದಲ್ಲಿ ಇನ್ನೊಂದು. ಮೊದಲಿನದರಲ್ಲಿ ಹೇಳಿಕೊಳ್ಳುವಂಥ ದೋಷವಿರಲಿಲ್ಲ. ಎರಡನೆಯದರಲ್ಲಿ ಮೈ ಸೊಂಟದಿಂದ ಮುರಿದು ಮುಂದಕ್ಕೆ ಬಾಗಿತ್ತು, ಕತ್ತು ಚಾಚಿತ್ತು, ಪಾದ ದೇಹಕ್ಕಿಂತ ತುಂಬಾ ಮುಂದೆ ಬೀಳುತ್ತಿತ್ತು, ನಿಮಿಷಕ್ಕೆ ಹೆಜ್ಜೆ 158. ಕೌಂಟರಿನಲ್ಲಿ ಕೂತ ಭಂಗಿಯೇ ಎದ್ದು ಓಡಿದ ಹಾಗೆ! ಆದರೆ ಹತ್ತನೇ ನಿಮಿಷದಲ್ಲಿ ಆ ಭಂಗಿ ಇರಲಿಲ್ಲ ಎಂಬುದು ಮುಖ್ಯ. ಕುರ್ಚಿ ಮೈಯನ್ನು ಶಾಶ್ವತವಾಗಿ ಬಾಗಿಸಿದ್ದರೆ ಶುರುವಿನಲ್ಲೇ ಕಾಣಬೇಕಿತ್ತು. ಇದು ದಣಿವಿನ ಭಂಗಿ.

ಕೌಂಟರು

ಕುರ್ಚಿಯ ಪಾತ್ರ ಎಷ್ಟು? ಕೂತಾಗ ಸೋವಾಸ್ ಗಿಡ್ಡ ಸ್ಥಿತಿಯಲ್ಲಿ ಕೆಲಸವಿಲ್ಲದೆ ಇರುತ್ತದೆ. ರೆಕ್ಟಸ್‌ನ ಕತೆ ಕಾಲು ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಮೊಣಕಾಲು ಮಡಚಿ ಕೂತರೆ ಸೊಂಟದ ಬಳಿ ಗಿಡ್ಡ, ಮೊಣಕಾಲಿನ ಬಳಿ ಉದ್ದ, ಲೆಕ್ಕ ಸಮ. ಕಾಲು ಮುಂದಕ್ಕೆ ಚಾಚಿ ಕೂತರೆ ಎರಡೂ ತುದಿಯಲ್ಲಿ ಗಿಡ್ಡ. ಇವನು ಬಲಗಾಲನ್ನು ಕೌಂಟರಿನ ಅಡಿಯ ಕಬ್ಬಿಣದ ಅಡ್ಡಪಟ್ಟಿಯ ಮೇಲೆ ಉದ್ದಕ್ಕೆ ಚಾಚಿ ಇಟ್ಟುಕೊಳ್ಳುತ್ತಿದ್ದ, ಎಡಗಾಲು ಕುರ್ಚಿಯಡಿಗೆ. ಬಲಗಡೆಯೇ ಏಕೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಕಾರಣ ಸಿಗಲಿಲ್ಲ.

ಕಾಲು ಚಾಚಲು ಕಾರಣ ಕುರ್ಚಿ. ಅದರ ಗ್ಯಾಸ್ ಕಂಬ ಸೋರಿ ಸೀಟು ಇಳಿದಿತ್ತು, ಮೊಣಕಾಲು ಸೊಂಟಕ್ಕಿಂತ ಮೇಲಿತ್ತು, ಮಡಚಿ ಕೂರಲು ಹಿಂಸೆ. ಕಂಬ ಬದಲಿಸಿ ಸೀಟನ್ನು ಮೊಣಕೈ ಕೀಬೋರ್ಡಿನ ಮಟ್ಟಕ್ಕೆ ಬರುವ ತನಕ ಏರಿಸಲಾಯಿತು. ಆಗ ಹಿಮ್ಮಡಿ ನೆಲಕ್ಕೆ ಸಿಗಲಿಲ್ಲ, ಅದಕ್ಕೆ ನಾಲ್ಕು ಬೆರಳು ದಪ್ಪದ ಹಲಗೆ. ಸೀಟಿನ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಮೂರು ಬೆರಳು ಹೋಗುವಷ್ಟು ಜಾಗ ಇರಬೇಕು, ಇಲ್ಲದಿದ್ದರೆ ಬೆನ್ನು ಒರಗಿಗೆ ತಾಗದೆ ಮತ್ತೆ ಕೂನುತ್ತದೆ.

ನಲವತ್ತು ನಿಮಿಷಕ್ಕೊಮ್ಮೆ ಏಳಬೇಕು ಎಂದು ಬರೆದುಕೊಟ್ಟರೆ ಕಾಗದದಲ್ಲಿ ಚಂದ. ಹತ್ತೂವರೆಯಿಂದ ಒಂದೂವರೆಯ ತನಕ ಎದುರಿಗೆ ಸಾಲು ನಿಂತಿರುವಾಗ ಮೊಬೈಲ್ ಅಲಾರಂ ಬಡಿದರೆ ಯಾರು ಏಳುತ್ತಾರೆ? ಎರಡೇ ದಿನಕ್ಕೆ ಅಲಾರಂ ಬಂದ್. ಬದಲಿಗೆ ಪಾಸ್‌ಬುಕ್ ಪ್ರಿಂಟರನ್ನು ಕೂತಲ್ಲಿಂದ ಕೈ ಎಟುಕದ ಜಾಗಕ್ಕೆ ಸರಿಸಲಾಯಿತು. ನೀರಿನ ಲೀಟರ್ ಬಾಟ್ಲಿ ಹೋಗಿ ಸಣ್ಣ ಬಾಟ್ಲಿ ಬಂತು. ಈಗ ಕೆಲಸವೇ ಎಬ್ಬಿಸುತ್ತದೆ. ಎದ್ದಾಗ ಅರ್ಧ ನಿಮಿಷ ನೆಟ್ಟಗೆ ನಿಂತು ಪೃಷ್ಠವನ್ನು ಐದು ಸಲ ಬಿಗಿಹಿಡಿದು ಬಿಟ್ಟರೆ ಸಾಕು. ಗಿರಾಕಿಗಳ ಎದುರು ಮಂಡಿಯೂರಿ ವ್ಯಾಯಾಮ ಮಾಡುವ ಅಗತ್ಯವಿಲ್ಲ.

ಹತ್ತು ವಾರ

ಮೊದಲ ಎರಡು ವಾರ ಓಟ 32ರಿಂದ 22 ಕಿ.ಮೀ.ಗೆ ಇಳಿಯಿತು, ಏರಿನ ದಾರಿ ಬಂದ್. ಸಂಜೆಯ ಓಟವನ್ನು ಬೆಳಿಗ್ಗೆಗೆ ತಂದದ್ದು ಒಂದೇ ದಿನ, ಇನ್ನೊಂದಕ್ಕೆ ಮನೆಯ ಅನುಕೂಲ ಬರಲಿಲ್ಲ. ಸಂಜೆಗೇ ಉಳಿದ ಆ ದಿನ ಓಟಕ್ಕೆ ಮೊದಲು ಎಂಟು ನಿಮಿಷ ಬಿರುಸು ನಡಿಗೆ, ಒಂದೊಂದು ಕಾಲನ್ನೂ ಹಿಂದೆ ಮುಂದೆ ಹತ್ತು ಸಲ ಬೀಸುವುದು, ಎಂಟು ಉದ್ದ ಹೆಜ್ಜೆಯ ಲಂಜ್. ಹಿಡಿದು ನಿಲ್ಲಿಸುವ ಸ್ಟ್ರೆಚ್ ಓಟಕ್ಕೆ ಮೊದಲು ಬೇಡ. ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಸ್ನಾಯುವಿನ ಬಲ ಸ್ವಲ್ಪ ಹೊತ್ತು ತಗ್ಗುತ್ತದೆ.

ಸ್ಟ್ರೆಚ್ ರಾತ್ರಿ, ವಾರಕ್ಕೆ ಐದು ದಿನ. ನಾಲ್ಕು ಪದರ ಮಡಚಿದ ಬೆಡ್‌ಶೀಟಿನ ಮೇಲೆ ಬಲ ಮೊಣಕಾಲೂರಿ, ಎಡಪಾದ ಮುಂದಿಟ್ಟು, ಎರಡೂ ಮೊಣಕಾಲು 90 ಡಿಗ್ರಿ. ಮೊದಲು ಬಾಲ ಒಳಗೆ ಸುತ್ತಿಕೊಂಡ ನಾಯಿಯ ಹಾಗೆ ಬೆನ್ನುಮೂಳೆಯ ತುದಿಯನ್ನು ಕೆಳಕ್ಕೆ, ಒಳಕ್ಕೆ ತರಬೇಕು, ಬೆಲ್ಟಿನ ಬಕಲ್ ಗದ್ದದ ಕಡೆಗೆ ಏಳಬೇಕು. ಬಲ ಪೃಷ್ಠ ಬಿಗಿ. ಅಷ್ಟಕ್ಕೇ ತೊಡೆಯ ಮುಂಭಾಗದಲ್ಲಿ ಎಳೆತ ಬರುತ್ತದೆ, ಮುಂದಕ್ಕೆ ತಳ್ಳುವುದೇ ಬೇಡ. ಎಳೆತ ಸೊಂಟದಲ್ಲಿ ಗೊತ್ತಾದರೆ ತಪ್ಪಿದೆ ಎಂದು ತಿಳಿದು ಮೊದಲಿನಿಂದ ಹಿಡಿಯಬೇಕು. 30 ಸೆಕೆಂಡ್, ಬಲಕ್ಕೆ ಮೂರು ಸಲ, ಎಡಕ್ಕೆ ಒಂದು. ಮೂರನೇ ವಾರದಿಂದ ಹಿಂದಿನ ಪಾದವನ್ನು ಸೋಫಾದ ಅಂಚಿಗೇರಿಸಿ ಹಿಮ್ಮಡಿಯನ್ನು ಪೃಷ್ಠದ ಕಡೆಗೆ ತರುವುದು. ರೆಕ್ಟಸ್‌ಗೆ ಬೇಕಾದ ಎಳೆತ ಇದು.

ಬಲ ಹೆಚ್ಚಿಸುವ ವ್ಯಾಯಾಮ ವಾರಕ್ಕೆ ಎರಡು ದಿನ, ಇಪ್ಪತ್ತೈದು ನಿಮಿಷ. ಅಂಗಾತ ಮಲಗಿ ಎರಡೂ ಪಾದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ, ಒಂದು ಮೊಣಕಾಲನ್ನು ಎದೆಯ ಕಡೆ ಹಿಡಿದಿಟ್ಟು ಇನ್ನೊಂದು ಕಾಲನ್ನು ಮೂರು ಎಣಿಸುತ್ತಾ ಚಾಚುವುದು, 8ರ ಮೂರು ಸುತ್ತು. ಗೋಡೆಗೆ ಕೈಯಿಟ್ಟು ನಿಂತು ಮೊಣಕಾಲನ್ನು ಸೊಂಟಕ್ಕಿಂತ ಮೇಲೆ ಹತ್ತು ಸೆಕೆಂಡ್ ಹಿಡಿಯುವುದು, ಐದು ಸಲ. ಒಂಟಿಕಾಲಿನ ಮೇಲೆ ಸೊಂಟ ಎತ್ತುವ ಬ್ರಿಜ್ ಮತ್ತು ಹಿಂದಿನ ಕಾಲು ದೂರವಿಟ್ಟ ಸ್ಪ್ಲಿಟ್ ಸ್ಕ್ವಾಟ್, ಎರಡೂ 8ರ ಮೂರು ಸುತ್ತು. ಐದನೇ ವಾರದಿಂದ ಸ್ಕ್ವಾಟಿಗೆ ಎರಡೂ ಕೈಯಲ್ಲಿ ಐದೈದು ಕಿಲೋ.

ಓಟದಲ್ಲಿ ಬದಲಿಸಿದ್ದು ಒಂದೇ: ಹೆಜ್ಜೆ 158ರಿಂದ 166ಕ್ಕೆ, ಎಂದರೆ ಶೇ. 5. ಪ್ರತಿ ಐದು ನಿಮಿಷದಲ್ಲಿ ಒಂದು ನಿಮಿಷ ಮೆಟ್ರೊನೋಮ್ ಆ್ಯಪಿನ ತಾಳಕ್ಕೆ. ಹೆಜ್ಜೆ ಚುರುಕಾದರೆ ಪಾದ ದೇಹದ ಹತ್ತಿರ ಬೀಳುತ್ತದೆ. ಬಾಗುವುದಿದ್ದರೆ ಕಣಕಾಲಿನ ಗಂಟಿನಿಂದ ಬಾಗಬೇಕು, ಸೊಂಟದಿಂದಲ್ಲ. ಎದೆಯುಬ್ಬಿಸು, ಬೆನ್ನು ನೆಟ್ಟಗಿಡು ಎಂಬ ಸೂಚನೆಗಳನ್ನು ಬೇಕೆಂದೇ ಕೊಡಲಿಲ್ಲ, ಅವು ಸೊಂಟವನ್ನು ಮತ್ತೆ ಬಿಲ್ಲಾಗಿಸುತ್ತವೆ.

ನಾಲ್ಕನೇ ವಾರ ಎಡವಟ್ಟಾಯಿತು. ಫಲ ಕಾಣತೊಡಗಿದ ಉತ್ಸಾಹದಲ್ಲಿ ಅವನು ಸೋಫಾ ಸ್ಟ್ರೆಚ್ಚನ್ನು ಎರಡೆರಡು ನಿಮಿಷ, ದಿನಕ್ಕೆ ಎರಡು ಹೊತ್ತು, ಅದೂ ಬರೀ ಟೈಲ್ಸ್ ಮೇಲೆ ಮಾಡಿದ. ಮೊಣಕಾಲು ಚಿಪ್ಪಿನ ಕೆಳಗೆ ನೋವು ಬಂತು, ಮೆಟ್ಟಿಲಿಳಿಯುವಾಗ ಚುಚ್ಚಿತು. ಪೂರ್ತಿ ಮಡಚಿದ ಮೊಣಕಾಲಿನ ಮೇಲೆ ಮೈಭಾರ ಬಿದ್ದರೆ ಆಗುವುದು ಇದೇ. ಸೋಫಾ ಹತ್ತು ದಿನ ಬಿಡಿಸಿ, ಮಗ್ಗುಲಲ್ಲಿ ಮಲಗಿ ಕೈಯಿಂದ ಹಿಮ್ಮಡಿ ಎಳೆದುಕೊಳ್ಳುವ ರೂಪಕ್ಕೆ ಬದಲಿಸಲಾಯಿತು. ಬಾಲ ಒಳಗೆ ಎಂಬ ನಿಯಮ ಅಲ್ಲಿಯೂ ಅದೇ. ನೋವು ಇಳಿದ ಮೇಲೆ ಸೋಫಾಗೆ ಮರಳಿದ್ದು ಮೊಣಕಾಲಿನಡಿ ದಿಂಬಿಟ್ಟು, 30 ಸೆಕೆಂಡ್ ಮೀರದಂತೆ.

ಐದನೇ ವಾರ ಕಡಲತಡಿಯಲ್ಲಿ ಓಡಿದ ದಿನ ಎಳೆತ ಮರುಕಳಿಸಿತು. ಮೆತ್ತನೆ ಮರಳಿನಲ್ಲಿ ಪಾದ ಹೂತು, ಪ್ರತಿ ಹೆಜ್ಜೆಗೂ ಮೊಣಕಾಲನ್ನು ಎತ್ತಿ ತೆಗೆಯಬೇಕು, ಎಂದರೆ ಸೋವಾಸ್‌ಗೆ ಹೆಚ್ಚು ದುಡಿಮೆ. ಸಾಲದ್ದಕ್ಕೆ ಒದ್ದೆ ಮರಳು ಕಡಲ ಕಡೆಗೆ ಓರೆ. ಹತ್ತು ವಾರ ಮುಗಿಯುವ ತನಕ ಮರಳು ಬೇಡ, ಆಮೇಲೂ ಹೋದ ದಾರಿಯಲ್ಲೇ ಬರಬೇಕು ಎಂದಾಯಿತು. ಮರಳಿನಲ್ಲಿ ಹೋಗಿ ರಸ್ತೆಯಲ್ಲಿ ಬಂದರೆ ಒಂದೇ ಕಾಲು ಯಾವಾಗಲೂ ತಗ್ಗಿನಲ್ಲಿರುತ್ತದೆ.

ಹತ್ತನೇ ವಾರದ ಅಳತೆ

ಬಲ ತೊಡೆ 12ರಿಂದ 5 ಡಿಗ್ರಿಗೆ, ಮೊಣಕಾಲು 60ರಿಂದ 72ಕ್ಕೆ. ಸ್ಟೂಲಿನ ಮೇಲೆ ಮೊಣಕಾಲು ಹಿಡಿಯುವುದು 4ರಿಂದ 13 ಸೆಕೆಂಡಿಗೆ. ಒಂಟಿಕಾಲಿನ ಬ್ರಿಜ್ 8ರಿಂದ 13ಕ್ಕೆ. ಓಟ ವಾರಕ್ಕೆ 34 ಕಿ.ಮೀ., ಎಳೆತ ಕಾಣಿಸುವುದು ಹದಿನಾರನೇ ಕಿ.ಮೀ. ನಂತರ, ಅದೂ ಏರಿನ ದಿನ ಮಾತ್ರ. ಐವತ್ತನೇ ನಿಮಿಷದ ವಿಡಿಯೋದಲ್ಲಿ ಹೆಜ್ಜೆ 164, ಮೈ ಸೊಂಟದಿಂದ ಮುರಿಯುವುದು ನಿಂತಿದೆ.

ಬದಲಾಗದ್ದೂ ಇದೆ. ನೆಟ್ಟಗೆ ನಿಂತು ಪಕ್ಕದಿಂದ ತೆಗೆದ ಫೋಟೋ ಮೊದಲಿನ ಹಾಗೇ ಇದೆ, ಸೊಂಟದ ಡೊಂಕು ಅಷ್ಟೇ, ಕತ್ತು ಒಂದಿಷ್ಟು ಮುಂದೆಯೇ. ಅದನ್ನು ನೋಡಿ ಅವನಿಗೆ ಬೇಸರವಾಯಿತು. ಆದರೆ ನಿಂತ ಭಂಗಿಯ ಡೊಂಕು ಒಬ್ಬೊಬ್ಬರಿಗೆ ಒಂದೊಂದು, ಅದರಿಂದ ನೋವಿನ ಲೆಕ್ಕ ಹಾಕಲು ಬರುವುದಿಲ್ಲ. ಹಾಗೆಯೇ ಮೇಜಿನ ಮೇಲೆ ಗಳಿಸಿದ ಏಳು ಡಿಗ್ರಿ ಓಟದಲ್ಲಿ ಏಳು ಡಿಗ್ರಿಯಾಗಿ ಕಾಣುವುದಿಲ್ಲ. ವಿಡಿಯೋದಲ್ಲಿ ಕಾಲು ಹಿಂದೆ ಹೋಗುವ ಕೋನ ಹೆಚ್ಚಿದ್ದು ಅತ್ಯಲ್ಪ. ನೋವು ತಡವಾಗಿ ಬರುತ್ತಿರುವುದರಲ್ಲಿ ಉದ್ದಕ್ಕಿಂತ ಬಲಕ್ಕೆ ಮತ್ತು ಚುರುಕು ಹೆಜ್ಜೆಗೆ ಹೆಚ್ಚು ಪಾಲು ಎಂಬುದು ಈ ಅಳತೆಗಳಿಂದ ತೋರುವ ತೀರ್ಮಾನ. ಆದ್ದರಿಂದಲೇ ಮುಂದಿನ ಯೋಜನೆಯಲ್ಲಿ ಸ್ಟ್ರೆಚ್ ವಾರಕ್ಕೆ ಮೂರು ದಿನಕ್ಕೆ ಇಳಿಯಿತು, ಬಲದ ವ್ಯಾಯಾಮ ಎರಡು ದಿನವೇ ಉಳಿಯಿತು, ತೂಕ ಎಂಟೆಂಟು ಕಿಲೋಗೆ ಏರಿತು. ಜೂನಿನ ಮಳೆ ಹಿಡಿದು ಓಟ ವಾರಗಟ್ಟಲೆ ತಪ್ಪಿದರೆ, ಮರಳಿ ಶುರು ಮಾಡುವಾಗ 32ಕ್ಕೆ ಹಾರದೆ 20ರಿಂದ ಹತ್ತಬೇಕು, ಸೀತಾಂಗೋಳಿಯ ಏರು ಮೂರನೇ ವಾರಕ್ಕೆ. ಕೌಂಟರಿನ ಅಡಿಯ ಅಡ್ಡಪಟ್ಟಿಗೆ ಈಗ ಛತ್ರಿ ನೇತುಹಾಕಲಾಗಿದೆ, ಕಾಲಿಡಲು ಜಾಗವಿಲ್ಲ.